ಬೋರ್ಡ್ ಹ್ಯಾಂಗ್ ಆದರೂ ಗೀಸರ್ ಕುದಿಯಬಾರದು: ನನ್ನ ಅನುಭವ

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ. ನಾಲ್ಕು ರೂಮು, ನಾಲ್ಕು ಗೀಸರ್, ಎಲ್ಲವೂ 25 ಲೀಟರ್, 2 ಕಿಲೋವ್ಯಾಟ್. ಇವನ್ನು ನಾನೇ ಪ್ರೋಗ್ರಾಮ್ ಬರೆದ ಟೈಮರ್ ಬೋರ್ಡಿಗೆ ಕೊಡುತ್ತೇನೆ ಅಂದಾಗ ನಮ್ಮ ವೈರಿಂಗ್ ಹುಡುಗ, "ಅಣ್ಣ, ಕಂಪನಿಯವರು ಮಾಡಿದ್ದಕ್ಕೆ ನೀವ್ಯಾಕೆ ಕೈ ಹಾಕ್ತೀರಿ?" ಅಂದಿದ್ದ. ಮಾವನ ಮಾತು ಇನ್ನೂ ಚಿಕ್ಕದು: "ಹಂಡೆ ಒಲೆ ಕೆಟ್ಟುಹೋಗಿದ್ದು ನೋಡಿದ್ದೀಯಾ?" ಎರಡು ಮಳೆಗಾಲ ದಾಟಿ ಈಗ ನಾಲ್ಕೂ ಗೀಸರ್ ತಂಟೆಯಿಲ್ಲದೆ ನಡೆಯುತ್ತಿವೆ. ಈಗ ಬರೆಯಬಹುದು ಅನ್ನಿಸಿತು.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಎರಡನೇ ರೂಮಿನ ಗೀಸರಿನ ಥರ್ಮೋಸ್ಟಾಟ್ ಕೆಟ್ಟಿತ್ತು. ಹೇಗೂ ನನ್ನ ಬೋರ್ಡೇ ಟೆಂಪರೇಚರ್ ನೋಡುತ್ತದಲ್ಲ ಎಂದು ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಎರಡನ್ನೂ ತಪ್ಪಿಸಿ ಡೈರೆಕ್ಟ್ ಕೊಡಿಸಿದೆ. ಸೆನ್ಸರ್ ಅನ್ನು ಟ್ಯಾಂಕಿನ ಮೈಗೆ ಟೇಪ್ ಹಾಕಿ ಅಂಟಿಸಿದ್ದೆ. ಮೂರು ತಿಂಗಳಲ್ಲಿ ಬಿಸಿಗೆ ಅಂಟು ಬಿಟ್ಟು, ಸೆನ್ಸರ್ ಫೋಮಿನ ಸಂದಿಯಲ್ಲಿ ಜೋತುಬಿದ್ದಿತ್ತು. ಬೋರ್ಡಿಗೆ ಕಾಣುತ್ತಿದ್ದದ್ದು 24 ಡಿಗ್ರಿ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು: ನೀರು ತಣ್ಣಗಿದೆ, ಕಾಯಿಸು. ಬೆಳಿಗ್ಗೆ ಅತಿಥಿಯೊಬ್ಬರು ನಲ್ಲಿ ತಿರುಗಿಸಿದರೆ ಉಗಿ ಬುಸ್ಸೆಂದು ಬಂತು. ದೇವರ ದಯೆ, ಕೈ ಒಡ್ಡಿರಲಿಲ್ಲ. ಒತ್ತಡ ಬಿಡುವ ವಾಲ್ವ್ ಸುಮ್ಮನೆ ಕೂತಿದ್ದರೆ ನನ್ನ ಕಥೆ ಬೇರೆಯೇ ಇರುತ್ತಿತ್ತು. ಒಂದು ರಾತ್ರಿಯ ಬಾಡಿಗೆ ಮೂರು ಸಾವಿರ ವಾಪಸ್ ಕೊಟ್ಟು, ಕಾಫಿಪುಡಿಯನ್ನೂ ಕೊಟ್ಟು ಕಳಿಸಿದೆ.

ಅಲ್ಲಿ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ ಅನ್ನುವುದನ್ನು ಗಮನಿಸಿ. ಕಾಯಿಸುವ ತೀರ್ಮಾನಕ್ಕೂ ನಿಲ್ಲಿಸುವ ತೀರ್ಮಾನಕ್ಕೂ ನಾನು ಒಂದೇ ಸೆನ್ಸರ್, ಒಂದೇ ಬೋರ್ಡ್, ಅದು ಹೇಳಿದಂತೆ ಕರೆಂಟ್ ಸೇರಿಸಿ ಕಡಿಯುವ ಒಂದೇ ರಿಲೇ ನಂಬಿದ್ದೆ. 80 ಡಿಗ್ರಿಗೆ ಆಫ್ ಮಾಡು ಎಂದು ಬರೆದ ಸಾಲು ಪ್ರೋಗ್ರಾಮಿನಲ್ಲಿ ಇತ್ತು. ಆದರೆ ಆ ಸಾಲೂ ಅದೇ ಜೋತುಬಿದ್ದ ಸೆನ್ಸರ್ ಅನ್ನೇ ಕೇಳುತ್ತಿತ್ತು.

ಈಗಿನ ಜೋಡಣೆ ಹೀಗಿದೆ. ಎಂಸಿಬಿಯಿಂದ ಬಂದ ಫೇಸ್, ನ್ಯೂಟ್ರಲ್ ಎರಡೂ ಮೊದಲು ಹೋಗುವುದು ನಾಲ್ಕು ಕಾಲಿನ ಕಟ್‌ಔಟ್ ಒಳಗೆ. ಅಲ್ಲಿಂದ ಫೇಸ್ ರಿಲೇಗೆ, ರಿಲೇಯಿಂದ ಗೀಸರಿನ ಸ್ವಂತ ಥರ್ಮೋಸ್ಟಾಟಿಗೆ (ಹೊಸದು ಹಾಕಿಸಿದೆ), ಕೊನೆಗೆ ಎಲಿಮೆಂಟಿಗೆ. ಮೂರೂ ಒಂದರ ಹಿಂದೊಂದು. ಯಾವುದು ಬಿಟ್ಟುಕೊಂಡರೂ ಎಲಿಮೆಂಟಿಗೆ ಕರೆಂಟ್ ಇಲ್ಲ. ಕಟ್‌ಔಟಿನಿಂದ ಬೋರ್ಡಿಗೆ ಒಂದು ತಂತಿಯೂ ಹೋಗುವುದಿಲ್ಲ. ಹಾಗೊಂದು ವಸ್ತು ಇದೆ ಅನ್ನುವುದೇ ಬೋರ್ಡಿಗೆ ಗೊತ್ತಿಲ್ಲ, ಗೊತ್ತಿರಲೂಬಾರದು. ಕೆಲವರು ಕಟ್‌ಔಟಿನ ತಂತಿಯನ್ನು ಬೋರ್ಡಿನ ಇನ್‌ಪುಟ್ಟಿಗೆ ಕೊಟ್ಟು, ಅದು ಬಿಟ್ಟರೆ ಬೋರ್ಡ್ ರಿಲೇ ಆಫ್ ಮಾಡಲಿ ಅನ್ನುತ್ತಾರೆ. ಬೋರ್ಡೇ ಸತ್ತಿದ್ದರೆ ಆಫ್ ಮಾಡುವವರು ಯಾರು?

ಎರಡೂ ತಂತಿ ಕತ್ತರಿಸುವ ಕಟ್‌ಔಟನ್ನೇ ಹುಡುಕಿದ್ದಕ್ಕೂ ಕಾರಣವಿದೆ. ನಮ್ಮ ಹಳೇ ಮನೆಯ ವೈರಿಂಗಿನಲ್ಲಿ ಎರಡು ರೂಮಿನ ಸಾಕೆಟ್‌ಗಳಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿತ್ತು. ಒಂದೇ ತಂತಿ ಕತ್ತರಿಸಿದರೆ, ಅದು ನ್ಯೂಟ್ರಲ್ ಆಗಿಬಿಟ್ಟರೆ, ಎಲಿಮೆಂಟಿನಲ್ಲಿ ಫೇಸ್ ಹಾಗೇ ನಿಂತಿರುತ್ತದೆ. ಎಲಿಮೆಂಟ್ ತೂತಾಗಿದ್ದರೆ ಕರೆಂಟ್ ಅರ್ತಿನ ದಾರಿ ಹಿಡಿಯುತ್ತದೆ. ಕರೆಂಟ್ ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಬೀಳಬೇಕು, ನಿಜ. ಆದರೆ ನನಗೆ ಅದೊಂದರ ಮೇಲೆ ಭಾರ ಹಾಕುವುದು ಬೇಡವಾಗಿತ್ತು.

ಡಿಗ್ರಿಗಳ ಲೆಕ್ಕ: ಬೋರ್ಡ್ 58ಕ್ಕೆ ನಿಲ್ಲಿಸುತ್ತದೆ, ಥರ್ಮೋಸ್ಟಾಟ್ 68ಕ್ಕೆ, ಕಟ್‌ಔಟ್ 85ಕ್ಕೆ. ನಡುವೆ ಹತ್ತು ಡಿಗ್ರಿಯಾದರೂ ಅಂತರ ಇರಲಿ. ಹತ್ತಿರ ಇಟ್ಟರೆ ದಿನದ ಕೆಲಸ ಥರ್ಮೋಸ್ಟಾಟಿನ ತಲೆಗೆ ಬಂದು, ಕಾಪಾಡಬೇಕಾದದ್ದೇ ಮೊದಲು ಸವೆಯುತ್ತದೆ. ಅಂಗಡಿಯವರು 95ರ ಕಟ್‌ಔಟ್ ಕೊಡಲು ನೋಡಿದರು, ಬೇಡ ಅಂದೆ. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96ರ ಸುಮಾರಿಗೇ ಕುದಿಯುತ್ತದೆ. ಟ್ಯಾಂಕಿನೊಳಗೆ ಒತ್ತಡದಲ್ಲಿ ಸುಮ್ಮನಿದ್ದ ನೀರು ನಲ್ಲಿಯಿಂದ ಹೊರಬಿದ್ದ ಕೂಡಲೇ ಉಗಿಯಾಗುವುದು ಅದಕ್ಕೇ. ಮೇಲಾಗಿ ಕಟ್‌ಔಟ್ ಕೂರುವುದು ಟ್ಯಾಂಕಿನ ಹೊರಮೈಗೆ. ಒಳಗಿನ ನೀರಿಗಿಂತ ಮೂರ್ನಾಲ್ಕು ಡಿಗ್ರಿ ಹಿಂದೆಯೇ ಇರುತ್ತದೆ.

ಕೂರಿಸುವ ಜಾಗ ಮೇಲಿನ ಮೂರನೇ ಒಂದು ಭಾಗ, ಬಿಸಿನೀರು ಹೊರಡುವ ಕಡೆ. ಫೋಮ್ ಕೊರೆದು, ಬರಿ ಲೋಹ ಕಾಣುವವರೆಗೆ ಕೆರೆದು, ಹೀಟ್ ಪೇಸ್ಟ್ ಹಚ್ಚಿ, ಪಟ್ಟಿ ಹಾಕಿ ಬಿಗಿದೆ. ಟೇಪ್ ಮುಟ್ಟಲಿಲ್ಲ. ಬೋರ್ಡಿನ ಸೆನ್ಸರಿಗೂ ಈಗ ಪಟ್ಟಿಯೇ. ಆ ಪಟ್ಟಿ ಸಡಿಲವಾಗದಂತೆ ಏನು ಮಾಡಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಮಿತಿ ಇದೆ: ಟ್ಯಾಂಕ್ ಖಾಲಿಯಾಗಿ ಎಲಿಮೆಂಟ್ ಒಣಗಿ ಕಾಯ್ದರೆ ಮೇಲಿರುವ ಈ ಕಟ್‌ಔಟಿಗೆ ಬೇಗ ತಿಳಿಯುವುದಿಲ್ಲ. ಅದಕ್ಕೆ ಎಲಿಮೆಂಟಿನ ಪಕ್ಕ ಇರುವ ಥರ್ಮೋಸ್ಟಾಟಿನ ಕಡ್ಡಿಯೇ ಗತಿ.

ಕಟ್‌ಔಟ್ ಕೆಂಪು ಗುಂಡಿಯದ್ದೇ ಆಗಬೇಕು, ಅಂದರೆ ಬಿದ್ದ ಮೇಲೆ ಕೈಯಿಂದ ಒತ್ತುವವರೆಗೆ ಬಿದ್ದೇ ಇರಬೇಕು. ತಾನಾಗಿ ಸೇರಿಕೊಳ್ಳುವಂಥದ್ದು ಹಾಕಿದರೆ ನೀರು ತಣಿದಾಗಲೆಲ್ಲ ಮತ್ತೆ ಶುರು. ತಿಂಗಳುಗಟ್ಟಲೆ 85ರಲ್ಲೇ ಕಾಯುತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ.

ರಿಲೇಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಹಾಕಿದ್ದು ಅರವತ್ತೋ ಎಪ್ಪತ್ತೋ ರೂಪಾಯಿಯ ನೀಲಿ ರಿಲೇ. ಮೇಲೆ 10 ಆಂಪ್ ಅಂತ ಬರೆದಿತ್ತು, ಗೀಸರ್ ಎಳೆಯುವುದು ಒಂಬತ್ತರ ಹತ್ತಿರ. ನಾಲ್ಕು ತಿಂಗಳಲ್ಲಿ ಕಾಂಟ್ಯಾಕ್ಟ್ ಅಂಟಿಕೊಂಡಿತು. ಅದರದ್ದೊಂದೇ ತಪ್ಪಲ್ಲ. ನನ್ನ ಪ್ರೋಗ್ರಾಮ್ 58ರ ಕೆಳಗೆ ಆನ್, ಮೇಲೆ ಆಫ್ ಎಂದಿತ್ತು. ಸೆನ್ಸರ್ ಕೂದಲೆಳೆಯಷ್ಟು ಅಲುಗಾಡಿದರೂ ರಿಲೇ ಟಕಟಕ ಬಡಿಯುತ್ತಿತ್ತು. ಈಗ 58ಕ್ಕೆ ಆಫ್, 52ಕ್ಕೆ ಇಳಿದರೆ ಮಾತ್ರ ಆನ್, ನಡುವೆ ಕನಿಷ್ಠ ಮೂರು ನಿಮಿಷ ಬಿಡುವು.

ಆಮೇಲೆ ದೊಡ್ಡದೇ ಇರಲಿ ಎಂದು ಸುಮಾರು 900 ರೂಪಾಯಿಯ ಕಾಂಟ್ಯಾಕ್ಟರ್ ಎರಡು ತಂದೆ. ಪೇಟೆಯಲ್ಲಿ ಅದು ಸರಿಯಾದ ದಾರಿ ಇರಬಹುದು. ನಮ್ಮಲ್ಲಿ ಜುಲೈ ಮಳೆಗೆ ವೋಲ್ಟೇಜ್ 160ಕ್ಕೆ ಇಳಿದಾಗ ಅದರ 230 ವೋಲ್ಟಿನ ಕಾಯಿಲ್ ಸರಿಯಾಗಿ ಹಿಡಿಯಲಾರದೆ ಗರ್ರ್ ಎಂದು ನಡುಗತೊಡಗಿತು. ನಡುಗಿದಷ್ಟೂ ಕಾಂಟ್ಯಾಕ್ಟಿನಲ್ಲಿ ಕಿಡಿ. ಎರಡು ವಾರದಲ್ಲಿ ಒಂದು ಸುಟ್ಟಿತು, ಇನ್ನೊಂದನ್ನು ಪಂಪಿಗೆ ಹಾಕಿದೆ. ಕೊನೆಗೆ ನಿಂತದ್ದು 12 ವೋಲ್ಟ್ ಕಾಯಿಲಿನ, 30 ಆಂಪಿನ ರಿಲೇ. ಅದರ ಕಾಯಿಲಿಗೆ ಕರೆಂಟ್ ಸಣ್ಣ ಎಸ್‌ಎಂಪಿಎಸ್‌ನಿಂದ ಬರುತ್ತದೆ. ಲೈನಿನಲ್ಲಿ 120 ಇದ್ದರೂ ಅದು 12 ಕೊಡುತ್ತದೆ.

ಕಡಿಮೆ ವೋಲ್ಟೇಜ್ ಇನ್ನೊಂದು ಪಾಠವನ್ನೂ ಕಲಿಸಿತು. 18 ಡಿಗ್ರಿಯ ನೀರು 58ಕ್ಕೆ ಏರಲು 35 ನಿಮಿಷ ಸಾಕು ಎಂದು ಲೆಕ್ಕ ಹಾಕಿ, ಒಂದು ಸಲಕ್ಕೆ 45 ನಿಮಿಷಕ್ಕಿಂತ ಹೆಚ್ಚು ಓಡಬಾರದು ಎಂದು ಬರೆದಿದ್ದೆ. ವೋಲ್ಟೇಜ್ 190 ಆದರೆ 2 ಕಿಲೋವ್ಯಾಟ್ ಎಲಿಮೆಂಟ್ 1.4ರ ಆಸುಪಾಸಿಗೆ ಇಳಿದು, ಅದೇ ಕೆಲಸಕ್ಕೆ 50 ನಿಮಿಷ ದಾಟುತ್ತದೆ. ಅತಿಥಿಗಳಿಗೆ ಉಗುರುಬೆಚ್ಚಗಿನ ನೀರು. ಈಗ ಮಿತಿ 75 ನಿಮಿಷ.

ಪ್ರೋಗ್ರಾಮಿನಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಸಾಲು:

```
if (t < 5 || t > 75) heaterOff();
```

ಸೆನ್ಸರಿನ ತಂತಿ ಬಿಟ್ಟರೆ ಲೈಬ್ರರಿ ಕೊಡುವುದು -127, ಸೆನ್ಸರ್ ತಾನೇ ರೀಸೆಟ್ ಆದರೆ 85. ಎರಡೂ ಇದರಲ್ಲಿ ಸಿಕ್ಕಿಬೀಳುತ್ತವೆ. ಜೋತುಬಿದ್ದ ಸೆನ್ಸರಿನ 24 ಸಿಕ್ಕುವುದಿಲ್ಲ. ಅದಕ್ಕೆ ಹತ್ತು ನಿಮಿಷ ಕಾಯಿಸಿದರೂ ಮೂರು ಡಿಗ್ರಿ ಏರದಿದ್ದರೆ ನಿಲ್ಲಿಸು ಎಂದು ಇನ್ನೊಂದು ಪರೀಕ್ಷೆ ಇದೆ. ಯಾರೋ ಸ್ನಾನ ಮಾಡುತ್ತಿದ್ದಾಗ ಅದು ಸುಳ್ಳೇ ಬೀಳದಂತೆ ಮಾಡಿದ ಉಪಾಯ ಮಾತ್ರ ಹೇಳಲಾರೆ, ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ಎಲ್ಲ ಕಟ್ಟಿದ ಮೇಲೆ ಬೋರ್ಡ್ ಕಿತ್ತಿಟ್ಟು, ಎಂಸಿಬಿ ಇಳಿಸಿ, ರಿಲೇಯ ಎರಡು ಕಾಲಿಗೆ ತಂತಿ ಬಿಗಿದು, ಅಂಟಿಕೊಂಡ ರಿಲೇಯನ್ನೇ ಸೃಷ್ಟಿಸಿದೆ. ಬಾತ್‌ರೂಮಿನ ಬಾಗಿಲು ಹಾಕಿ, ಹೊರಗಿನಿಂದಲೇ ಎಂಸಿಬಿ ಏರಿಸಿದೆ. ವಾಲ್ವಿನ ಪೈಪು ಕಿಟಕಿಯಾಚೆ. 42–43 ನಿಮಿಷಕ್ಕೆ ಥರ್ಮೋಸ್ಟಾಟ್ ಬಿಟ್ಟಿತು. ಮತ್ತೆ ಎಂಸಿಬಿ ಇಳಿಸಿ ಥರ್ಮೋಸ್ಟಾಟಿಗೂ ತಂತಿ ಬಿಗಿದೆ. ವೈರಿಂಗ್ ಹುಡುಗ ಅಂಗಳದ ತುದಿಗೆ ಹೋಗಿ ನಿಂತ. ಹದಿನೆಂಟು ನಿಮಿಷಕ್ಕೆ ಟಕ್ ಎಂದು ಕಟ್‌ಔಟ್ ಬಿತ್ತು. ಬಕೆಟ್ಟಿಗೆ ಬಿಟ್ಟು ಅಳೆದರೆ ನೀರು 88. "ಆಯ್ತು ಅಣ್ಣ, ಒಪ್ಪಿದೆ" ಅಂದ. ಎರಡೂ ತಂತಿ ಬಿಚ್ಚಿದ್ದನ್ನು ಎಣಿಸಿ ಜೇಬಿಗೆ ಹಾಕಿಕೊಂಡೆ.

ಇಷ್ಟಾದರೂ ಒಂದು ಸಂಗತಿ ಹೊಳೆದಿರಲಿಲ್ಲ. ಕಳೆದ ಆಗಸ್ಟಿನಲ್ಲಿ ಅತಿಥಿಗಳಿಲ್ಲದೆ ಬೀಗ ಹಾಕಿದ್ದ ಮೂರನೇ ರೂಮನ್ನು ಗುಡಿಸಲು ಹೋದ ಅಕ್ಕ, "ಅಣ್ಣ, ನಲ್ಲೀಲಿ ಸುಡೋ ನೀರು ಬರ್ತಿದೆ" ಅಂದರು. ಬೋರ್ಡಿನ ದಾಖಲೆ ನೋಡಿದರೆ ಹನ್ನೆರಡು ದಿನದಿಂದ ಆಫ್. ಆ ರೂಮಿನಲ್ಲಿ ಹಳೇ ನೀಲಿ ರಿಲೇಯೇ ಉಳಿದಿತ್ತು, ಅಂಟಿಕೊಂಡಿತ್ತು. ಥರ್ಮೋಸ್ಟಾಟ್ ಸದ್ದಿಲ್ಲದೆ 68ರಲ್ಲಿ ಹಿಡಿದು ನಿಲ್ಲಿಸಿತ್ತು. ಕಾಪಾಡಿತು ಸರಿ, ಆದರೆ ಮೂರು ಬೇಲಿಯಲ್ಲಿ ಒಂದು ಬಿದ್ದದ್ದು ನನಗೆ ತಿಳಿಯಲೇ ಇಲ್ಲ. ಈಗ ರಿಲೇಗೂ ಥರ್ಮೋಸ್ಟಾಟಿಗೂ ನಡುವಿನಿಂದ ತಂತಿ ತೆಗೆದು ಬಾಗಿಲ ಹೊರಗೆ ಒಂದು ನಿಯಾನ್ ದೀಪ ಇಟ್ಟಿದ್ದೇನೆ. ಟೈಮರಿನ ಹೊತ್ತಲ್ಲದ ಹೊತ್ತಿನಲ್ಲಿ ಅದು ಉರಿದರೆ ರಿಲೇ ಹೋಗಿದೆ ಎಂದರ್ಥ. ಹದಿನೈದು ರೂಪಾಯಿಯ ದೀಪ.

ಟೈಮರಿನ ಬಗ್ಗೆ ಹೆಚ್ಚಿಲ್ಲ. ಕರೆಂಟ್ ಹೋಗಿಬಂದಾಗ ಇಂಟರ್ನೆಟ್ ಇರುವುದಿಲ್ಲ, ಹಾಗಾಗಿ ಸೆಲ್ ಇರುವ ಗಡಿಯಾರದ ಮಾಡ್ಯೂಲ್ ಬೇಕೇ ಬೇಕು. ಗಂಟೆ ತಿಳಿಯದಿದ್ದರೆ ಆಫ್. ಅಗ್ಗದ ಮಾಡ್ಯೂಲುಗಳಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಮಾಮೂಲಿ ನಾಣ್ಯದ ಸೆಲ್ ಹಾಕಿದರೆ ಅದನ್ನೂ ಚಾರ್ಜ್ ಮಾಡಲು ಹೊರಟು ಉಬ್ಬಿಸುತ್ತದೆ. ಅಲ್ಲಿನ ಡಯೋಡ್ ಕಿತ್ತುಬಿಡಿ.

ಖರ್ಚು ಗೀಸರ್ ಒಂದಕ್ಕೆ ಸುಮಾರು 1,900: ಬೋರ್ಡ್ 300, ರಿಲೇ 250, ಎಸ್‌ಎಂಪಿಎಸ್ 200, ಥರ್ಮೋಸ್ಟಾಟ್ 350, ಕಟ್‌ಔಟ್ ಕೊರಿಯರ್ ಸೇರಿ 250ರ ಸುಮಾರು, ಉಳಿದದ್ದು ಡಬ್ಬಿ, ತಂತಿ, ಪಟ್ಟಿ. ಮೊದಲು ಇಡೀ ದಿನ ಆನ್ ಇರುತ್ತಿದ್ದವು. ಒಂದು ರಾತ್ರಿ ಕೂತು ಅಳೆದಿದ್ದೆ: ಒಂಬತ್ತು ಗಂಟೆಗೆ 60 ಇದ್ದ ನೀರು ಬೆಳಿಗ್ಗೆ ಆರಕ್ಕೆ 48. ಅಂದರೆ ಸುಮ್ಮನೆ ಬಿಸಿಯಾಗಿಡಲು ಗೀಸರಿಗೆ ದಿನಕ್ಕೆ ಒಂದು ಯೂನಿಟ್ ಹತ್ತಿರ ಪೋಲು. ಈಗ ನಾಲ್ಕರಿಂದ ದಿನಕ್ಕೆ ಎರಡು ಮೂರು ಯೂನಿಟ್ ಉಳಿಯುತ್ತಿರಬಹುದು.

ತಂತಿ ಬಿಗಿದು ಮಾಡುವ ಆ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಕೈಲ್ ಮುಹೂರ್ತದ ಹಿಂದಿನ ದಿನ ಇಟ್ಟುಕೊಂಡಿದ್ದೇನೆ. ಮಳೆ ಕಡಿಮೆಯಾಗಿರುತ್ತದೆ, ರೂಮು ಖಾಲಿ ಇರುತ್ತವೆ, ಮಾವ ಕೋವಿ ಒರೆಸುತ್ತಾ ಜಗಲಿಯಲ್ಲಿ ಕೂತಿರುತ್ತಾರೆ. ಈ ಸಲ ನಾಲ್ಕರಲ್ಲಿ ಒಂದರ ಥರ್ಮೋಸ್ಟಾಟ್ 74ಕ್ಕೆ ಬಿಟ್ಟಿತು. ಬದಲಾಯಿಸಿದೆ.