ಕಿಟಕಿಗೆ ಸೊಳ್ಳೆ ಜಾಲರಿಯ ಚೌಕಟ್ಟನ್ನು ನಾನೇ ಕೂರಿಸಿದ ಬಗೆ

ನಮ್ಮ ಮೈಸೂರಿನ ಮನೆಯ ಮಲಗುವ ಕೋಣೆಯಲ್ಲಿ ಎರಡು ಗಾಜಿನ ಬಾಗಿಲುಗಳು ಜಾರುವ ಅಲ್ಯೂಮಿನಿಯಂ ಕಿಟಕಿ ಇದೆ. ಹೊರಗಡೆ ಕಬ್ಬಿಣದ ಗ್ರಿಲ್ ಇದೆ, ಜಾಲರಿಗೆಂದು ಮೂರನೆಯ ಹಳಿ ಇಲ್ಲ. ಆದ್ದರಿಂದ ಕೋಣೆಯ ಕಡೆಯಿಂದ, ಕಿಟಕಿಯ ಸುತ್ತಲಿನ ಗೋಡೆಯ ಕಂಡಿಯೊಳಗೆ, ಅಲ್ಯೂಮಿನಿಯಂ ಚೌಕಟ್ಟಿಗೆ ಒತ್ತಿ ನಿಲ್ಲುವಂತೆ ಒಂದು ಜಾಲರಿಯನ್ನು ಕೂರಿಸಬೇಕಾಗಿತ್ತು. ಗಾರೆ ಕೆಲಸದವರು ಚೌಕಟ್ಟಿನ ಮೇಲೂ ಪ್ಲಾಸ್ಟರ್ ಬಳಿದಿದ್ದರಿಂದ ಸುತ್ತಲೂ ಕಾಣುವ ಅಲ್ಯೂಮಿನಿಯಂ ಅಂಚು ಕೇವಲ 6 ಮಿ.ಮೀ. ಇತ್ತು. ಈ 6 ಮಿ.ಮೀ. ಅಂಚೇ ಮುಂದೆ ನನ್ನ ಕೆಲಸವನ್ನು ಎರಡು ಸಲ ಮಾಡಿಸಿತು.

ಗೋಡೆಯ ಕಂಡಿ ಎಂದಿಗೂ ಸರಿಯಾದ ಆಯತವಾಗಿರುವುದಿಲ್ಲ ಎಂದು ತಿಳಿದಿದ್ದ ಕಾರಣ ಅಗಲವನ್ನು ಮೂರು ಕಡೆ ಅಳೆದೆ. ಮೇಲೆ 1064, ನಡುವೆ 1061, ಕೆಳಗೆ 1058 ಮಿ.ಮೀ. ಬಂತು. ಎತ್ತರದ ಕನಿಷ್ಠ ಅಳತೆ 1210. ಚೌಕಟ್ಟು ಒಳಗೆ ಹೋಗಬೇಕಾದರೆ ಕನಿಷ್ಠ ಅಳತೆಯನ್ನೇ ಹಿಡಿಯಬೇಕು. ಅದರಿಂದ 4 ಮಿ.ಮೀ. ಕಳೆದು ಜಾಲರಿ ಚೌಕಟ್ಟಿನ ಹೊರಅಳತೆಯನ್ನು 1054 × 1206 ಎಂದು ನಿಶ್ಚಯಿಸಿದೆ.

ಚೌಕಟ್ಟಿನ ಪಟ್ಟಿಗಳಿಗೆಂದು ಅಂಗಡಿಯಲ್ಲಿ ಸಿಕ್ಕಿದ ಸೆಕ್ಷನ್ 22 ಮಿ.ಮೀ. ಅಗಲದ್ದು, ಒಂದು ಮುಖದಲ್ಲಿ ರಬ್ಬರ್ ಕೂರುವ ಗಾಡಿ, ಅಂದರೆ ಉದ್ದಕ್ಕೂ ಸಾಗುವ ಕಿರಿದಾದ ತೋಡು, ಇರುವಂಥದ್ದು. ಅದರ ಪ್ಲಾಸ್ಟಿಕ್ ಕಾರ್ನರ್‌ಗಳಲ್ಲಿ ಎರಡು ಬಗೆ ಇರುತ್ತವೆ. ಒಂದು ಬಗೆಯದು ಪೂರ್ತಿ ಒಳಗೆ ಅಡಗುತ್ತದೆ. ಅದಕ್ಕೆ ಸೆಕ್ಷನ್‌ಗಳ ತುದಿಯನ್ನು 45 ಡಿಗ್ರಿಗೆ ಕೊಯ್ಯಬೇಕು, ಆಗ ಕೊಯ್ಯುವ ಉದ್ದವೂ ಹೊರಅಳತೆಯೂ ಒಂದೇ. ಇನ್ನೊಂದು ಬಗೆಯ ಕಾರ್ನರ್ ತಾನೇ ಮೂಲೆಯಾಗಿ ಹೊರಗೆ ಕಾಣುತ್ತದೆ. ಅದಕ್ಕೆ ನೇರವಾಗಿ ಕೊಯ್ದರೆ ಸಾಕು, ಆದರೆ ಎರಡು ತುದಿಗಳ ಕಾರ್ನರ್‌ಗಳ ಅಳತೆಯನ್ನು ಕಳೆಯಬೇಕು. ಕೈಗರಗಸದಲ್ಲಿ 45 ಡಿಗ್ರಿಯನ್ನು ನಿಖರವಾಗಿ ಕೊಯ್ಯುವ ಧೈರ್ಯ ನನಗಿರಲಿಲ್ಲವಾದ್ದರಿಂದ ಎರಡನೆಯದನ್ನೇ ತೆಗೆದುಕೊಂಡೆ. ಪ್ರತಿ ಕಾರ್ನರ್ 22 ಮಿ.ಮೀ. ಆದ್ದರಿಂದ ಅಡ್ಡಪಟ್ಟಿಗಳು 1010, ಉದ್ದಪಟ್ಟಿಗಳು 1162 ಮಿ.ಮೀ. ಆದವು. ಸೆಕ್ಷನ್ 12 ಅಡಿ ಉದ್ದದಲ್ಲಿ ಸಿಕ್ಕಿದ್ದರಿಂದ ಎರಡು ಬೇಕಾದವು, ಎರಡನೆಯದರಲ್ಲಿ ಸಾಕಷ್ಟು ಉಳಿಯಿತು. ಉಳಿದಿದ್ದರಲ್ಲಿ ನಡುವೆ ಒಂದು ಅಡ್ಡಪಟ್ಟಿ ಹಾಕಿ ಎಂದು ಅಂಗಡಿಯವರು ಹೇಳಿ ಅದಕ್ಕೆ ಬೇಕಾದ ಎರಡು ಕ್ಲಿಪ್‌ಗಳನ್ನೂ ಕೊಟ್ಟಿದ್ದರು. ನೋಟ ಕೆಡುತ್ತದೆ ಎಂದು ನಾನು ಹಾಕಲಿಲ್ಲ.

ಕೊಯ್ದ ತುದಿಗಳ ಒರಟನ್ನು ಅರದಿಂದ ಉಜ್ಜಿ ತೆಗೆದು, ಕಾರ್ನರ್‌ಗಳನ್ನು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿ, ಚೌಕಟ್ಟನ್ನು ಸಮತಟ್ಟಾದ ನೆಲದ ಮೇಲೆ ಮಲಗಿಸಿದೆ. ಕರ್ಣಗಳನ್ನು ಅಳೆದಾಗ ಒಂದು 1600, ಇನ್ನೊಂದು 1604 ಇತ್ತು. ಉದ್ದವಿದ್ದ ಕರ್ಣದ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ, ಎರಡೂ 1602 ಆಗುವಂತೆ ಮಾಡಿದೆ. ಜಾಲರಿ ಹಾಕಿದ ಮೇಲೆ ಇದನ್ನು ತಿದ್ದಲು ಸಾಧ್ಯವಾಗುವುದಿಲ್ಲ, ಏಕೆಂದರೆ ಬಿಗಿದ ಜಾಲರಿ ಆ ಓರೆಯನ್ನು ಹಾಗೆಯೇ ಹಿಡಿದು ನಿಲ್ಲಿಸುತ್ತದೆ.

ಫೈಬರ್‌ಗ್ಲಾಸ್ ಜಾಲರಿಯನ್ನು ಸುತ್ತಲೂ 5 ಸೆಂ.ಮೀ. ಹೆಚ್ಚು ಇರುವಂತೆ ಕತ್ತರಿಸಿ ಹಾಸಿದೆ. ಮೊದಲು ಒಂದು ಉದ್ದಬದಿಯಲ್ಲಿ ರಬ್ಬರ್ ಬಳ್ಳಿಯನ್ನು, ಅಂದರೆ ಸ್ಪ್ಲೈನನ್ನು, ರೋಲರ್‌ನ ಕೊರಕಲು ಚಕ್ರದಿಂದ ಒತ್ತುತ್ತಾ ಹೋದೆ. ಎದುರು ಬದಿಗೆ ಬಂದಾಗ ಸಹಜವಾಗಿಯೇ ಎಡಗೈಯಲ್ಲಿ ಜಾಲರಿಯನ್ನು ಜಗ್ಗಿ ಹಿಡಿದು ಬಲಗೈಯಲ್ಲಿ ರೋಲರ್ ಓಡಿಸಿದೆ. ಮುಗಿದಾಗ ಜಾಲರಿ ಕಂಜಿರದ ಚರ್ಮದಂತೆ ಬಿಗಿಯಾಗಿತ್ತು, ನನಗೂ ಹೆಮ್ಮೆಯಾಯಿತು. ಕಿಟಕಿಗೆ ಕೂರಿಸಿ ಮಲಗಿದ ಮೊದಲ ರಾತ್ರಿಯೇ ಸೊಳ್ಳೆ ಕಿವಿಯ ಬಳಿ ಬಂತು.

ಬೆಳಗ್ಗೆ ನೋಡಿದರೆ ಬಲಬದಿಯ ನಡುಭಾಗದಲ್ಲಿ ಒಂದು ಗೇಣುದ್ದ ಬೆಳಕಿನ ಗೆರೆ ಕಾಣುತ್ತಿತ್ತು. ಚೌಕಟ್ಟನ್ನು ತೆಗೆದು ಅಳೆದಾಗ ಮೇಲೆ ಕೆಳಗೆ 1054 ಇದ್ದ ಅಗಲ ನಡುವಿನಲ್ಲಿ 1048ಕ್ಕೆ ಇಳಿದಿತ್ತು. ಉದ್ದಪಟ್ಟಿಗಳೆರಡೂ ಸೊಂಟದ ಬಳಿ ಒಳಕ್ಕೆ ಬಾಗಿದ್ದವು. ಅಲ್ಲಿ ಕಂಡಿಯ ಅಗಲ 1061, ಎಂದರೆ ಒಟ್ಟು 13 ಮಿ.ಮೀ. ತೆರವು. ಚೌಕಟ್ಟು ಸರಿಯಾಗಿ ಮಧ್ಯದಲ್ಲಿ ನಿಂತರೂ ಒಂದೊಂದು ಬದಿಗೆ ಆರೂವರೆ ಮಿ.ಮೀ. ಬರುತ್ತದೆ, ಒರಗಲು ಇದ್ದ ಅಂಚು ಆರೇ ಮಿ.ಮೀ. ಮೇಲಾಗಿ ಚೌಕಟ್ಟು ಎಡಕ್ಕೆ ಸರಿದು ನಿಂತಿದ್ದರಿಂದ ಬಲಗಡೆಯ ಸಂದು ಇನ್ನೂ ಅಗಲವಾಗಿತ್ತು.

ತಪ್ಪು ಸೆಕ್ಷನ್ನಿನದಲ್ಲ, ಜಗ್ಗಿದ ನನ್ನ ಕೈಯದು. ಸ್ಪ್ಲೈನ್ ಗಾಡಿಯೊಳಗೆ ಇಳಿಯುವಾಗ ಜಾಲರಿಯನ್ನು ತನ್ನೊಂದಿಗೆ ಒಳಗೆ ಎಳೆದುಕೊಳ್ಳುತ್ತದೆ. ಬೇಕಾದ ಬಿಗುವು ಅಲ್ಲಿಂದಲೇ ಬರುತ್ತದೆ. ಅದರ ಮೇಲೆ ಕೈಯಿಂದಲೂ ಎಳೆದರೆ ಮೂಲೆಗಳು ತಡೆದುಕೊಳ್ಳುತ್ತವೆ, ಆದರೆ ತೆಳುವಾದ ಉದ್ದಪಟ್ಟಿ ನಡುವೆ ಬಾಗದೆ ಇರಲಾರದು.

ಎರಡನೆಯ ಸಲ ಸ್ಪ್ಲೈನನ್ನು ಬಿಚ್ಚಿ, ಅಂಗಡಿಯವರು ಹೇಳಿದ ಅಡ್ಡಪಟ್ಟಿಯನ್ನೇ ಹಾಕಿದೆ. ಉದ್ದಪಟ್ಟಿಗಳ ನಡುವಿನ ಒಳಅಳತೆ 1054ರಲ್ಲಿ 44 ಕಳೆದರೆ 1010. ಎಂದರೆ ಮೇಲಿನ ಕೆಳಗಿನ ಪಟ್ಟಿಗಳ ಉದ್ದವೇ. ಇದು 2 ಮಿ.ಮೀ. ಹೆಚ್ಚಾದರೂ ಚೌಕಟ್ಟಿನ ಹೊಟ್ಟೆ ಹೊರಗೆ ಉಬ್ಬುತ್ತದೆ, ಆದ್ದರಿಂದ ತುಸು ಹೆಚ್ಚಾಗಿ ಕೊಯ್ದು ಅರದಿಂದ ಉಜ್ಜುತ್ತಾ ಅಳತೆಗೆ ತಂದೆ. ಮತ್ತೆ ಹೊಸ ಜಾಲರಿ ಹಾಸಿ, ಅದರ ಎಳೆಗಳು ಪಟ್ಟಿಗೆ ಸಮಾನಾಂತರವಾಗಿರುವುದನ್ನು ನೋಡಿಕೊಂಡು, ಒಂದು ಉದ್ದಬದಿ, ಅದಕ್ಕೆ ತಾಗಿದ ಅಡ್ಡಬದಿ, ಹೀಗೆ ಸುತ್ತಿ ಬಂದೆ. ಎದುರು ಬದಿಗಳಲ್ಲಿ ಅಂಗೈಯಿಂದ ಸುಕ್ಕು ಸವರಿದ್ದಷ್ಟೇ, ಎಳೆಯಲಿಲ್ಲ. ಮೂಲೆಗಳಲ್ಲಿ ಜಾಲರಿ ಮಡಿಕೆಯಾಗಿ ಗಾಡಿಯಲ್ಲಿ ಗಂಟು ಕಟ್ಟದಂತೆ ಅದರ ತುದಿಯನ್ನು ಓರೆಯಾಗಿ ಕತ್ತರಿಸಿದೆ. ರೋಲರ್ ಮೂಲೆಯವರೆಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಮೊಂಡಾದ ಸ್ಕ್ರೂಡ್ರೈವರ್‌ನಿಂದ ಒತ್ತಿದೆ.

ಸ್ಪ್ಲೈನನ್ನೂ ಜಗ್ಗಬಾರದು. ಮೊದಲ ಸಲ ಎಳೆದೆಳೆದು ಹಾಕಿದ್ದು ಬಿಚ್ಚುವ ಹೊತ್ತಿಗೆ ಕುಗ್ಗಿ, ಒಂದು ಮೂಲೆಯಲ್ಲಿ ಬೆರಳಗಲ ಹಿಂದೆ ಸರಿದಿತ್ತು. ದಪ್ಪವೂ ಮುಖ್ಯ. ಕೊಳ್ಳುವಾಗ ಗಾಡಿಯಿರುವ ಒಂದು ತುಂಡು ಸೆಕ್ಷನ್ನನ್ನೂ ಜಾಲರಿಯ ಚೂರನ್ನೂ ಜೊತೆಗೆ ಒಯ್ದು ಅಲ್ಲಿಯೇ ಒತ್ತಿ ನೋಡುವುದು ಒಳ್ಳೆಯದು. ಬೆರಳಿಗೆ ಸುಲಭವಾಗಿ ಇಳಿಯುವ ಸ್ಪ್ಲೈನ್ ಜಾಲರಿಯನ್ನು ಹಿಡಿಯುವುದಿಲ್ಲ. ರೋಲರ್ ಒತ್ತಿದರೂ ಮೇಲೇಳುವಂಥದ್ದು ತುಂಬ ದಪ್ಪ, ಅದರ ಮೇಲೆ ಚಕ್ರ ಜಾರಿ ಜಾಲರಿಯನ್ನೇ ಹರಿಯುತ್ತದೆ.

ಹೆಚ್ಚಾದ ಜಾಲರಿಯನ್ನು ಹೊಸ ಬ್ಲೇಡಿನಿಂದ ಸ್ಪ್ಲೈನಿನ ಹೊರಮಗ್ಗುಲಲ್ಲಿ, ಬ್ಲೇಡಿನ ತುದಿ ಚೌಕಟ್ಟಿನ ಹೊರಅಂಚಿನ ಕಡೆಗೆ ವಾಲಿರುವಂತೆ ಹಿಡಿದು ಕತ್ತರಿಸಿದೆ. ಒಳಮಗ್ಗುಲಿಗೆ ವಾಲಿದರೆ ಕೂರಿಸಿದ ಜಾಲರಿಯೇ ತುಂಡಾಗುತ್ತದೆ. ಈ ಸಲ ನಡುವಿನ ಅಗಲ 1054 ಇತ್ತು. ಆದರೂ ಅಲ್ಲಿ ಅಂಚಿನ ಮೇಲೆ ಒರಗುವುದು ಬದಿಗೆ ಎರಡೂವರೆ ಮಿ.ಮೀ. ಮಾತ್ರ, ಸರಿದು ನಿಂತರೆ ಅದೂ ಇಲ್ಲ. ಆದ್ದರಿಂದ ಚೌಕಟ್ಟಿನ ಹೊರಬದಿಗೆ ಸುತ್ತಲೂ ಅಂಟಿನ ಬ್ರಷ್ ಪಟ್ಟಿಯನ್ನು ಹಚ್ಚಿ ಗೋಡೆಯ ಸಂದನ್ನು ತುಂಬಿದೆ. ಗೋಡೆಗೆ ರಾಲ್‌ಪ್ಲಗ್ ಹಾಕಿ ತಿರುಗಿಸುವ ಕ್ಲಿಪ್‌ಗಳನ್ನು ಬದಿಗೆ ಎರಡರಂತೆ ನಾಲ್ಕು ಕೂರಿಸಿದೆ.

ಗಾಜನ್ನು ಮುಚ್ಚಬೇಕಾದಾಗಲೆಲ್ಲ ಈ ಚೌಕಟ್ಟನ್ನು ತೆಗೆಯಬೇಕು, ಇದು ಈ ವಿಧಾನದ ದೊಡ್ಡ ಕೊರತೆ. ಬೇಸಗೆಯಲ್ಲಿ ತೊಂದರೆಯಾಗಲಿಲ್ಲ, ಮಳೆಗಾಲದಲ್ಲಿ ನಡುರಾತ್ರಿ ಎದ್ದು ಕ್ಲಿಪ್ ತಿರುಗಿಸುವಾಗ ಮನೆಯವರ ಮುಖ ನೋಡುವ ಹಾಗಿರುವುದಿಲ್ಲ. ಕಂಡಿ ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಬ್ರಷ್ ಪಟ್ಟಿಯನ್ನು ಬದಿಗಳ ಮೇಲ್ಭಾಗದಲ್ಲಿ ಎರಡು ಪದರ ಹಚ್ಚಿದ್ದೇನೆ. ಕತ್ತಲಲ್ಲಿ ತಲೆಕೆಳಗಾಗಿ ಹಾಕದಂತೆ ಮೇಲಿನ ಪಟ್ಟಿಯ ಒಳಮೈಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ.