ಎಲ್ಲವನ್ನೂ ಮತ್ತೆ ಕೂಡದೆ ಸರಾಸರಿ ಮುಂದುವರಿಸುವುದು ಹೇಗೆ?

ದೀಪಾವಳಿಯ ಆಸುಪಾಸಿನಲ್ಲಿ ದಾವಣಗೆರೆ ಸುತ್ತಲಿನ ಯಾವ ಊರಿಗೆ ಹೋದರೂ ಕಣದಲ್ಲಿ, ರಸ್ತೆಯ ಅಂಚಿನಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ. ಒಣಗಿದ ಕಾಳನ್ನು ಚೀಲಕ್ಕೆ ತುಂಬಿ ಎಪಿಎಂಸಿಗೆ ಒಯ್ಯುವ ಮೊದಲು ರೈತರು ತಿಳಿಯಬಯಸುವ ಸಂಗತಿ ಒಂದೇ: ತೇವಾಂಶ ಎಷ್ಟಿದೆ? ಶೇ 14ಕ್ಕಿಂತ ಹೆಚ್ಚಿದ್ದರೆ ದರ ಇಳಿಯುತ್ತದೆ. ಆದ್ದರಿಂದ ಮೀಟರ್ ಇರುವವರು ಒಂದೊಂದೇ ಚೀಲದಿಂದ ಕಾಳು ತೆಗೆದು ನೋಡಿ, ಅಂಕಿಗಳನ್ನು ಬರೆದುಕೊಂಡು ಸರಾಸರಿ ತೆಗೆಯುತ್ತಾರೆ. ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಏಳು ಚೀಲಗಳ ಸರಾಸರಿ ತೆಗೆದಾದ ಮೇಲೆ ಎಂಟನೆಯ ಚೀಲ ಬಂದರೆ, ಬಹುತೇಕರು ಮೊದಲಿನಿಂದ ಎಂಟೂ ಅಂಕಿಗಳನ್ನು ಕೂಡಿ ಎಂಟರಿಂದ ಭಾಗಿಸುತ್ತಾರೆ. ಒಂಬತ್ತನೆಯದು ಬಂದಾಗ ಮತ್ತೆ ಅದೇ ಕೆಲಸ. ಅರವತ್ತು ಚೀಲಗಳಾಗುವಷ್ಟರಲ್ಲಿ ಎಲ್ಲೋ ಒಂದು ಅಂಕಿ ಬಿಟ್ಟುಹೋಗಿರುತ್ತದೆ.

ಹೀಗೆ ಮತ್ತೆ ಮತ್ತೆ ಕೂಡಬೇಕಾದ ಅಗತ್ಯವಿಲ್ಲ. ಇದುವರೆಗಿನ ಸರಾಸರಿ ಮತ್ತು ಇದುವರೆಗಿನ ಎಣಿಕೆ, ಈ ಎರಡು ಅಂಕಿಗಳು ಕೈಯಲ್ಲಿದ್ದರೆ ಸಾಕು.

ಇದರ ಹಿಂದಿನ ಯೋಚನೆಯನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳೋಣ. ಐದು ಚೀಲಗಳ ಸರಾಸರಿ 14.4 ಎಂದರೆ, ಐದೂ ಚೀಲಗಳು ಸಮನಾಗಿ 14.4 ಇದ್ದಿದ್ದರೂ ಒಟ್ಟು ಮೊತ್ತ ಅಷ್ಟೇ ಆಗುತ್ತಿತ್ತು ಎಂದರ್ಥ. ಈಗ ಆರನೆಯ ಚೀಲ 13.2 ತೋರಿಸಿತು ಎಂದುಕೊಳ್ಳಿ. ಅದೂ 14.4 ಆಗಿದ್ದರೆ ಸರಾಸರಿ ಕದಲುತ್ತಲೇ ಇರಲಿಲ್ಲ, ಆದರೆ ಅದರಲ್ಲಿ 1.2 ಕಡಿಮೆ ಇದೆ. ಈ ಕೊರತೆಯನ್ನು ಹೊಸದಾಗಿ ಬಂದ ಚೀಲವೂ ಸೇರಿ ಆರೂ ಚೀಲಗಳು ಸಮನಾಗಿ ಹಂಚಿಕೊಳ್ಳಬೇಕು. ಒಂದೊಂದರ ಪಾಲಿಗೆ 0.2 ಬರುತ್ತದೆ. ಹಾಗಾಗಿ ಹೊಸ ಸರಾಸರಿ 14.4ರಿಂದ 0.2 ಕಳೆದು 14.2. ಇದನ್ನೇ ಸೂತ್ರವಾಗಿ ಹೀಗೆ ಬರೆಯಬಹುದು:

ಹೊಸ ಸರಾಸರಿ = ಹಳೆಯ ಸರಾಸರಿ + (ಹೊಸ ಅಳತೆ − ಹಳೆಯ ಸರಾಸರಿ) ÷ ಹೊಸ ಎಣಿಕೆ

ಮೊದಲ ಚೀಲದಿಂದ ಒಮ್ಮೆ ನಡೆದುಬರೋಣ. ಮೊದಲ ಅಳತೆ 14.6, ಒಂದೇ ಅಳತೆ ಇರುವಾಗ ಅದೇ ಸರಾಸರಿ. ಎರಡನೆಯದು 13.8. ವ್ಯತ್ಯಾಸ 0.8 ಕಡಿಮೆ, ಎರಡರಿಂದ ಭಾಗಿಸಿದರೆ 0.4, ಸರಾಸರಿ 14.2ಕ್ಕೆ ಇಳಿಯಿತು. ಮೂರನೆಯ ಚೀಲ 15.1 ತೋರಿಸಿತು, ಈ ಸಲ ವ್ಯತ್ಯಾಸ 0.9 ಹೆಚ್ಚು, ಮೂರರಿಂದ ಭಾಗಿಸಿದರೆ 0.3, ಸರಾಸರಿ 14.5ಕ್ಕೆ ಏರಿತು. ನಾಲ್ಕನೆಯದು 13.7 ಬಂದಾಗ ಸರಾಸರಿ 14.3 ಆಯಿತು, ಐದನೆಯದು 14.8 ಬಂದಾಗ 14.4. ಆರನೆಯ ಚೀಲದ ಲೆಕ್ಕವನ್ನು ಮೇಲೆಯೇ ನೋಡಿದ್ದೇವೆ. ಏಳನೆಯದು 13.5, ಎಂಟನೆಯದು 13.3, ಸರಾಸರಿ ಮೊದಲು 14.1ಕ್ಕೆ, ಬಳಿಕ ಸರಿಯಾಗಿ 14.0ಕ್ಕೆ ಬಂದು ನಿಂತಿತು. ನಂಬಿಕೆ ಬಾರದಿದ್ದರೆ ಎಂಟೂ ಅಂಕಿಗಳನ್ನು ಒಮ್ಮೆ ಕೂಡಿ ನೋಡಿ: ಮೊತ್ತ 112, ಎಂಟರಿಂದ ಭಾಗಿಸಿದರೆ 14.

ಓಡುವ ಮೊತ್ತವನ್ನು ಒಂದು ಕಡೆ ಬರೆದಿಟ್ಟು, ಹೊಸ ಅಳತೆಯನ್ನು ಅದಕ್ಕೆ ಕೂಡಿ, ಎಣಿಕೆಯಿಂದ ಭಾಗಿಸಿದರೂ ಇದೇ ಉತ್ತರ ಬರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಖಂಡಿತ ಬರುತ್ತದೆ, ಅದೂ ಸರಿಯಾದ ದಾರಿಯೇ. ಆದರೂ ವ್ಯತ್ಯಾಸದ ದಾರಿಯನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಇದರಲ್ಲಿ ಕೈಗೆ ಸಿಗುವ ಅಂಕಿಗಳು ಚಿಕ್ಕವಾಗಿದ್ದು ಬಾಯಿಲೆಕ್ಕಕ್ಕೆ ಒಗ್ಗುತ್ತವೆ, ಮೇಲಾಗಿ ಹೊಸ ಚೀಲ ಸರಾಸರಿಯನ್ನು ಎಷ್ಟು ಎಳೆಯಿತು ಎಂಬುದು ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ. ಸರಾಸರಿಗಿಂತ 1.6 ಹೆಚ್ಚಿರುವ ಚೀಲ ಎಂಟನೆಯದಾಗಿ ಬಂದರೆ ಸರಾಸರಿಯನ್ನು 0.2ರಷ್ಟು ಎತ್ತುತ್ತದೆ, ಅದೇ ಚೀಲ ಎಂಬತ್ತನೆಯದಾಗಿ ಬಂದರೆ ಎತ್ತುವುದು 0.02 ಮಾತ್ರ.

ಈಗ ತಪ್ಪುಗಳ ವಿಷಯ. ಎಲ್ಲರೂ ಮಾಡುವ ಮೊದಲನೆಯ ತಪ್ಪೆಂದರೆ ಹಳೆಯ ಸರಾಸರಿ ಮತ್ತು ಹೊಸ ಅಳತೆ ಎರಡನ್ನೂ ಕೂಡಿ ಎರಡರಿಂದ ಭಾಗಿಸುವುದು. ಆರು ಚೀಲಗಳ ಸರಾಸರಿ 14.2 ಇದ್ದಾಗ 13.5ರ ಚೀಲ ಬಂತೆಂದು ಹೀಗೆ ಮಾಡಿದರೆ 13.85 ಬರುತ್ತದೆ. ಇನ್ನು ಒಣಗಿಸುವುದು ಬೇಡ ಎಂದು ರೈತ ಚೀಲದ ಬಾಯಿ ಹೊಲಿಯುತ್ತಾನೆ, ಆದರೆ ನಿಜವಾದ ಸರಾಸರಿ ಇನ್ನೂ 14.1ರಲ್ಲೇ ಇರುತ್ತದೆ. ಒಂದೇ ಚೀಲಕ್ಕೆ ಆರು ಚೀಲಗಳಷ್ಟು ತೂಕ ಕೊಟ್ಟದ್ದರಿಂದ ಹೀಗಾಯಿತು. ಈ ತಪ್ಪನ್ನು ಹಿಡಿಯಲು ಅದೇ ಅಂಕಿಗಳನ್ನು ಹಿಂದುಮುಂದಾಗಿ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಬೇಕು. ಸರಿಯಾದ ಸರಾಸರಿಗೆ ಚೀಲಗಳು ಯಾವ ಸರದಿಯಲ್ಲಿ ಬಂದವೆಂಬುದು ಮುಖ್ಯವಲ್ಲ, ಆದ್ದರಿಂದ ಸರದಿ ಬದಲಾದಾಗ ಉತ್ತರವೂ ಬದಲಾದರೆ ವಿಧಾನವೇ ತಪ್ಪಿದೆ ಎಂದು ತಿಳಿಯಬೇಕು.

ಎರಡನೆಯ ತಪ್ಪು ಹಳೆಯ ಎಣಿಕೆಯಿಂದ ಭಾಗಿಸುವುದು. ಎರಡನೆಯ ಚೀಲದಲ್ಲೇ ಇದು ಬಯಲಾಗುತ್ತದೆ: 0.8ರ ಕೊರತೆಯನ್ನು ಎರಡರ ಬದಲು ಒಂದರಿಂದ ಭಾಗಿಸಿದರೆ ಸರಾಸರಿ 13.8 ಆಗಿ, ಎರಡನೆಯ ಅಳತೆಯ ಪಡಿಯಚ್ಚಾಗಿಬಿಡುತ್ತದೆ.

ಮೂರನೆಯದು ಇವೆರಡಕ್ಕಿಂತ ಅಪಾಯಕರ, ಏಕೆಂದರೆ ಅಲ್ಲಿ ವಿಧಾನ ಸರಿಯಾಗಿದ್ದೂ ಉತ್ತರ ತಪ್ಪುತ್ತದೆ. ಮೀಟರ್ ಒಂದೇ ದಶಮಾಂಶ ತೋರಿಸುತ್ತದೆಂದು ಸರಾಸರಿಯನ್ನೂ ಪ್ರತಿ ಸಲ ಒಂದೇ ದಶಮಾಂಶಕ್ಕೆ ಸರಿಹೊಂದಿಸಿ ಬರೆದುಕೊಳ್ಳುವ ಅಭ್ಯಾಸ ಅನೇಕರಿಗಿದೆ. ಮೇಲಿನ ಉದಾಹರಣೆಯಲ್ಲಿ ಅಂಕಿಗಳು ಸರಿಯಾಗಿ ಭಾಗವಾಗುವಂತೆ ಆರಿಸಿಕೊಂಡಿದ್ದರಿಂದ ತೊಂದರೆ ಕಾಣಲಿಲ್ಲ. ಈಗ ನಲವತ್ತು ಚೀಲಗಳ ಸರಾಸರಿ 14.0 ಇದೆ ಎಂದುಕೊಳ್ಳಿ. ಆ ನಂತರ ರಾಶಿಯ ಅಡಿಯ ಕಾಳು ಬರತೊಡಗಿ, ಮುಂದಿನ ಇಪ್ಪತ್ತು ಚೀಲಗಳೂ 15.5 ತೋರಿಸುತ್ತವೆ. ನಲವತ್ತೊಂದನೆಯ ಚೀಲದ ವ್ಯತ್ಯಾಸ 1.5, ಅದನ್ನು 41ರಿಂದ ಭಾಗಿಸಿದರೆ ಸುಮಾರು 0.037. ಸರಾಸರಿ 14.037 ಆಗಬೇಕು, ಆದರೆ ಒಂದು ದಶಮಾಂಶಕ್ಕೆ ಇಳಿಸಿದರೆ ಮತ್ತೆ 14.0. ನಲವತ್ತೆರಡನೆಯ ಚೀಲಕ್ಕೂ ಇದೇ ಗತಿ, ಅರವತ್ತನೆಯದಕ್ಕೂ ಇದೇ ಗತಿ. ಇಪ್ಪತ್ತು ಹಸಿ ಚೀಲಗಳು ಬಂದು ಹೋದರೂ ಪುಸ್ತಕದಲ್ಲಿ 14.0 ಎಂದೇ ಉಳಿಯುತ್ತದೆ. ನಿಜವಾದ ಸರಾಸರಿಯಾದರೋ 14.5. ಒಂದೊಂದು ಚೀಲದ ಪಾಲೂ 0.05ಕ್ಕಿಂತ ಕಡಿಮೆ ಇದ್ದುದರಿಂದ ಪ್ರತಿ ಸಲವೂ ಅದು ಅಳಿಸಿಹೋಯಿತು. ಎಣಿಕೆ ಹೆಚ್ಚಾದಷ್ಟೂ ಈ ಅಳಿಸುವಿಕೆ ಹೆಚ್ಚುತ್ತದೆ.

ಪರಿಹಾರ ಕಷ್ಟದ್ದಲ್ಲ. ಸರಾಸರಿಯನ್ನು ಬರೆದಿಡುವಾಗ ಮೂರು ಅಥವಾ ನಾಲ್ಕು ದಶಮಾಂಶಗಳನ್ನು ಉಳಿಸಿಕೊಂಡು, ಇನ್ನೊಬ್ಬರಿಗೆ ಹೇಳುವಾಗ ಮಾತ್ರ ಒಂದಕ್ಕೆ ಇಳಿಸಬೇಕು. ಹೊಸ ಅಳತೆಗಳೆಲ್ಲ ಒಂದೇ ಕಡೆಗೆ ವಾಲುತ್ತಿದ್ದರೂ ಸರಾಸರಿ ಸ್ವಲ್ಪವೂ ಕದಲದಿದ್ದರೆ ಇದೇ ತಪ್ಪು ನುಸುಳಿದೆ ಎಂದು ಅನುಮಾನಿಸಬೇಕು. ಇಪ್ಪತ್ತು ಚೀಲಗಳಿಗೊಮ್ಮೆ ಅಳತೆಗಳನ್ನೆಲ್ಲ ಕೂಡಿ, ಆ ಮೊತ್ತ ಸರಾಸರಿ ಮತ್ತು ಎಣಿಕೆಯ ಗುಣಲಬ್ಧಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಒಳ್ಳೆಯ ರೂಢಿ.

ಮೊಬೈಲಿನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸುವವರು A ಕಾಲಂನಲ್ಲಿ ಚೀಲದ ಕ್ರಮಸಂಖ್ಯೆಯನ್ನೂ B ಕಾಲಂನಲ್ಲಿ ಅಳತೆಯನ್ನೂ ಹಾಕಿ, C2 ಮತ್ತು C3 ಕೋಶಗಳಲ್ಲಿ ಕ್ರಮವಾಗಿ ಹೀಗೆ ಬರೆಯಬೇಕು:

```
=B2
=C2+(B3-C2)/A3
```

ಎರಡನೆಯ ಸಾಲನ್ನು ಕೆಳಗೆ ಎಳೆದರೆ ಉಳಿದ ಸಾಲುಗಳು ತಾವಾಗಿಯೇ ತುಂಬುತ್ತವೆ. ದಶಮಾಂಶ ಕಡಿಮೆ ಕಾಣಬೇಕೆಂದಿದ್ದರೆ ಕೋಶದ ಫಾರ್ಮ್ಯಾಟ್ ಬದಲಿಸಿ, ಸೂತ್ರದೊಳಗೆ `ROUND` ಹಾಕಬೇಡಿ. ಫಾರ್ಮ್ಯಾಟ್ ಬದಲಿಸಿದರೆ ಕಾಣುವ ಅಂಕಿ ಮಾತ್ರ ಚಿಕ್ಕದಾಗುತ್ತದೆ. `ROUND` ಹಾಕಿದರೆ ಒಳಗಿನ ಅಂಕಿಯೇ ಕತ್ತರಿಸಿಹೋಗಿ ಮೇಲೆ ಹೇಳಿದ ಅನಾಹುತವೇ ಮರುಕಳಿಸುತ್ತದೆ.

ಇಲ್ಲಿಯವರೆಗೆ ಎಲ್ಲ ಚೀಲಗಳೂ ಒಂದೇ ತೂಕದವು ಎಂದು ಒಪ್ಪಿಕೊಂಡೇ ಬಂದಿದ್ದೇವೆ. ಕೊನೆಯಲ್ಲಿ ಅರೆ ಚೀಲ ಉಳಿಯುವುದು ಇದ್ದದ್ದೇ. ತಲಾ 60 ಕೆ.ಜಿ.ಯ ಎಂಟು ಚೀಲಗಳು, ಅಂದರೆ 480 ಕೆ.ಜಿ., ಸರಾಸರಿ 14.0, ಉಳಿದ 20 ಕೆ.ಜಿ. ಕಾಳು 16.5 ತೋರಿಸುತ್ತದೆ. ಇದನ್ನೂ ಒಂದು ಚೀಲವೆಂದು ಎಣಿಸಿ 2.5ರ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿದರೆ ಸರಾಸರಿ 14.28ಕ್ಕೆ ಏರುತ್ತದೆ. ಆದರೆ ಆ ಕಾಳು ಒಟ್ಟು 500 ಕೆ.ಜಿ.ಯಲ್ಲಿ ಇಪ್ಪತ್ತೈದನೆಯ ಒಂದು ಪಾಲು ಮಾತ್ರ. ವ್ಯತ್ಯಾಸದಲ್ಲೂ ಇಪ್ಪತ್ತೈದನೆಯ ಒಂದು ಪಾಲನ್ನೇ ತೆಗೆದುಕೊಂಡರೆ 0.1 ಸಿಗುತ್ತದೆ, ಸರಾಸರಿ 14.1 ಆಗುತ್ತದೆ.

ಇಬ್ಬರು ಬೇರೆಬೇರೆಯಾಗಿ ಅಳೆದ ಲೆಕ್ಕಗಳನ್ನು ಸೇರಿಸುವುದಕ್ಕೂ ಇದೇ ಕ್ರಮ. ತಂದೆ ಕಣದ ಈ ಬದಿಯಲ್ಲಿ ಎಂಟು ಚೀಲ ನೋಡಿದ್ದಾರೆ, ಸರಾಸರಿ 14.0, ಮಗ ಆ ಬದಿಯಲ್ಲಿ ಅದೇ ತೂಕದ ಇಪ್ಪತ್ತನಾಲ್ಕು ಚೀಲ ನೋಡಿದ್ದಾನೆ, ಸರಾಸರಿ 13.6. ಮೂವತ್ತೆರಡರಲ್ಲಿ ಇಪ್ಪತ್ತನಾಲ್ಕು ಎಂದರೆ ಮುಕ್ಕಾಲು ಪಾಲು, 0.4ರ ಕೊರತೆಯಲ್ಲಿ ಮುಕ್ಕಾಲು ಎಂದರೆ 0.3. ಒಟ್ಟು ಸರಾಸರಿ 13.7.

ತಪ್ಪಾಗಿ ಬರೆದ ಅಂಕಿಯನ್ನು ತಿದ್ದುವುದು ಇನ್ನೂ ಸುಲಭ. ತಂದೆಯ ಎಂಟು ಚೀಲಗಳಲ್ಲಿ ಮೂರನೆಯದರ ಅಳತೆ 15.1 ಅಲ್ಲ, 14.3 ಎಂದು ಆಮೇಲೆ ತಿಳಿದರೆ, ತಿದ್ದುಪಡಿಯ 0.8ನ್ನು ಎಂಟರಿಂದ ಭಾಗಿಸಿ, ಆ 0.1ನ್ನು 14.0ರಿಂದ ಕಳೆದರೆ 13.9 ಸಿಗುತ್ತದೆ. ಎಣಿಕೆ ಬದಲಾಗುವುದಿಲ್ಲ. ಆದರೆ ಕಾಳನ್ನು ಮತ್ತೊಂದು ದಿನ ಬಿಸಿಲಿಗೆ ಹರಡಿದರೆ ಹಳೆಯ ಅಳತೆಗಳು ತಿದ್ದುಪಡಿಗೂ ಬರುವುದಿಲ್ಲ, ಏಕೆಂದರೆ ನಿನ್ನೆಯ 15.1 ಇಂದು 15.1 ಆಗಿ ಉಳಿದಿಲ್ಲ; ಆಗ ಎಣಿಕೆಯನ್ನು ಒಂದರಿಂದಲೇ ಹೊಸದಾಗಿ ಆರಂಭಿಸಬೇಕು.

ಸರಾಸರಿ ಶೇ 14ರ ಒಳಗೆ ಬಂದರೂ ಒಂದು ವಿಷಯವನ್ನು ಅದು ತಿಳಿಸುವುದಿಲ್ಲ: ಯಾವುದಾದರೂ ಒಂದೇ ಚೀಲ ತೀರ ಹಸಿಯಾಗಿದೆಯೇ ಎಂಬುದನ್ನು. ಅಂಥ ಚೀಲಕ್ಕೆ ಪಕ್ಕದ ಚೀಲಗಳ ಸರಾಸರಿಯಿಂದ ರಕ್ಷಣೆಯಿಲ್ಲ, ತನ್ನಷ್ಟಕ್ಕೆ ತಾನು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸರಾಸರಿ ಮತ್ತು ಎಣಿಕೆಯ ಜೊತೆಗೆ ಇದುವರೆಗಿನ ಅತಿ ಹೆಚ್ಚಿನ ಅಳತೆಯನ್ನೂ ಅದರ ಚೀಲದ ಸಂಖ್ಯೆಯನ್ನೂ ಬರೆದಿಡಬೇಕು. ತಂದೆ ಮಗ ನೋಡಿದ ಮೂವತ್ತೆರಡು ಚೀಲಗಳಲ್ಲಿ ಒಂದು 16.8 ಇದೆ ಎಂದು ಕಂಡುಬಂದರೆ ಅದನ್ನು ಬದಿಗಿಟ್ಟು, ಸರಾಸರಿಯಿಂದಲೂ ಹೊರತೆಗೆಯಬೇಕು. ಆ ಚೀಲ 13.7ಕ್ಕಿಂತ 3.1 ಹೆಚ್ಚಿತ್ತು; ಅದು ಹೋದ ಮೇಲೆ ಆ ಹೆಚ್ಚಳವನ್ನು ಉಳಿದ ಮೂವತ್ತೊಂದು ಚೀಲಗಳಿಂದ ಹಿಂದಕ್ಕೆ ಪಡೆಯಬೇಕು. 3.1ನ್ನು 31ರಿಂದ ಭಾಗಿಸಿದರೆ 0.1, ಲಾರಿಗೆ ಏರುವ ಮೂವತ್ತೊಂದು ಚೀಲಗಳ ಸರಾಸರಿ 13.6.