ಕಿಟಕಿಯೆದುರು ಎದ್ದ ಗೋಡೆ: ಪಾಲಿಕೆಗೆ ನಾನು ದೂರು ಬರೆದ ಬಗೆ

ಪಕ್ಕದ ಮೂವತ್ತು ನಲವತ್ತರ ನಿವೇಶನದಲ್ಲಿ ಗೋಡೆ ಮೇಲೇಳುತ್ತಿದ್ದಂತೆ ನಮ್ಮ ಅಡುಗೆಮನೆಗೆ ಹಗಲಿನಲ್ಲೂ ದೀಪ ಬೇಕಾಯಿತು. ಮಲಗುವ ಕೋಣೆಯ ಕಿಟಕಿ ತೆರೆದರೂ ಗಾಳಿ ಆಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ಬರೆಯಬೇಕೆನಿಸುವುದು ಇದನ್ನೇ: ನಮ್ಮ ಮನೆ ಕತ್ತಲಾಗಿದೆ, ಉಸಿರು ಕಟ್ಟುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ. ಆದರೆ ಅಷ್ಟನ್ನೇ ಬರೆದರೆ ಪಾಲಿಕೆಯಿಂದ ಬರುವ ಉತ್ತರವೂ ಒಂದೇ: ಇದು ನೆರೆಹೊರೆಯವರ ವ್ಯಾಜ್ಯ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ.

ಆ ಉತ್ತರದಲ್ಲಿ ಸತ್ಯಾಂಶವೂ ಇದೆ. ಗಾಳಿ ಬೆಳಕಿನ ಹಕ್ಕನ್ನು ಅನುಭೋಗದ ಬಲದಿಂದ, ಅಂದರೆ ಬಹುಕಾಲ ಅನುಭವಿಸಿಕೊಂಡು ಬಂದಿದ್ದೇವೆಂಬ ಕಾರಣಕ್ಕೆ ಕೇಳಬೇಕಾದರೆ, 1882ರ ಅನುಭೋಗದ ಹಕ್ಕುಗಳ ಕಾಯ್ದೆಯ 15ನೇ ಕಲಮಿನ ಪ್ರಕಾರ ಅದು 20 ವರ್ಷ ಅಡೆತಡೆಯಿಲ್ಲದೆ ಬಂದಿರಬೇಕು. ನಮ್ಮ ಮನೆ ಅಷ್ಟು ಹಳೆಯದಲ್ಲ. ಪಾಲಿಕೆಗೆ ಮುಖ್ಯವಾಗುವ ಪ್ರಶ್ನೆ ಬೇರೆ: ಕಟ್ಟಡ ಮಂಜೂರಾದ ನಕ್ಷೆಯಂತೆ ಏಳುತ್ತಿದೆಯೇ, ಸುತ್ತ ಬಿಡಬೇಕಾದ ಜಾಗವನ್ನು, ಅಂದರೆ ಸೆಟ್‌ಬ್ಯಾಕನ್ನು ಬಿಟ್ಟಿದ್ದಾರೆಯೇ? ಹಾಗಾಗಿ ನನ್ನ ದೂರು ಸೆಟ್‌ಬ್ಯಾಕ್ ಉಲ್ಲಂಘನೆಯ ಮೇಲೆ ನಿಲ್ಲಬೇಕು, ಗಾಳಿ ಬೆಳಕಿನ ತೊಂದರೆ ಅದರ ಪರಿಣಾಮವಾಗಿ ಬರಬೇಕು ಎಂದು ತೀರ್ಮಾನಿಸಿದೆ.

ಬರೆಯುವ ಮುನ್ನ ನಮ್ಮದೇ ಮನೆಯ ನಕ್ಷೆಯನ್ನು ಹೊರತೆಗೆದು ಅಳತೆ ನೋಡಿಕೊಂಡೆ. ದೂರು ಹೋದ ಮೇಲೆ ಎದುರಿನವರು ಮಾಡುವ ಮೊದಲ ಕೆಲಸ ನಮ್ಮ ಮೇಲೆ ಮರುದೂರು ಕೊಡುವುದು. ನಮ್ಮ ಕಡೆ ಒಂದು ಮೀಟರ್ ಬಿಟ್ಟಿರುವುದು ಖಚಿತವಾದ ನಂತರ ನಕ್ಷೆಯ ಪ್ರತಿಯನ್ನು ದೂರಿಗೇ ಲಗತ್ತಿಸಿದೆ. ಮುಂದೆ ನಿಜವಾಗಿಯೂ ಮರುದೂರು ಬಂದಾಗ ಆ ಪ್ರತಿಯಿಂದಲೇ ಅದು ಮುಗಿಯಿತು.

ಪಕ್ಕದವರ ನಕ್ಷೆ ಸಿಗುವುದು ಸುಲಭವಿರಲಿಲ್ಲ. ಕಟ್ಟಡ ನಡೆಯುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಅಲ್ಲಿ ಅಂಥ ಫಲಕವೇ ಇರಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ ‘ಮಾಲೀಕರ ಹತ್ತಿರ ಇದೆ’ ಎಂದರು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಮಂಜೂರಾದ ನಕ್ಷೆ ಮತ್ತು ಪರವಾನಗಿಯ ದೃಢೀಕೃತ ಪ್ರತಿ ಕೇಳಿದೆ. ಆದರೆ ಉತ್ತರ ಕೊಡಲು ಅವರಿಗೆ 30 ದಿನಗಳ ಅವಕಾಶವಿದೆ. ಅಷ್ಟರಲ್ಲಿ ತಾರಸಿಗೆ ಕಾಂಕ್ರೀಟ್ ಹಾಕಿ ಮುಗಿಸಿರುತ್ತಾರೆ. ಸೆಂಟ್ರಿಂಗ್ ಹಲಗೆಗಳನ್ನು ತೆಗೆಸುವುದು ಒಂದು ದಿನದ ಮಾತು. ಕಾಂಕ್ರೀಟ್ ಗಟ್ಟಿಯಾಗಿ, ಒಳಗೆ ಸಂಸಾರ ಹೂಡಿದ ಮೇಲೆ ಅದೇ ಭಾಗವನ್ನು ಒಡೆಸುವುದು ವರ್ಷಗಳ ಮಾತು. ಆದ್ದರಿಂದ ನಕ್ಷೆಗಾಗಿ ಕಾಯದೆ, ಅಳತೆಯ ಆಧಾರದ ಮೇಲೆ ದೂರನ್ನು ಮೊದಲೇ ಕೊಟ್ಟೆ.

ಅಳತೆ ತೆಗೆದದ್ದು ನಮ್ಮ ಜಾಗದಿಂದಲೇ. ಅನುಮತಿಯಿಲ್ಲದೆ ಅವರ ನಿವೇಶನದೊಳಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶದ ಆರೋಪಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಕಾಂಪೌಂಡ್ ಗೋಡೆಯ ಮೇಲಿನಿಂದ ಟೇಪನ್ನು ಅಡ್ಡಲಾಗಿ ಹಿಡಿದು, ಅಂಕಿಗಳನ್ನು ಓದಲಾಗುವಂತೆ ಹತ್ತಿರದಿಂದ ಒಂದು ಫೋಟೊ, ಎರಡೂ ಕಟ್ಟಡಗಳು ಕಾಣುವಂತೆ ದೂರದಿಂದ ಇನ್ನೊಂದು ತೆಗೆದೆ. ಹತ್ತಿರದ ಫೋಟೊವೊಂದೇ ಇದ್ದರೆ ಅದು ಯಾವ ಗೋಡೆ ಎಂಬುದೇ ತಿಳಿಯುವುದಿಲ್ಲ. ಗಡಿಯಿಂದ ನೆಲಮಹಡಿಯ ಗೋಡೆಗೆ ಇದ್ದ ಅಂತರ 30 ಸೆಂಟಿಮೀಟರ್. ಮೊದಲ ಮಹಡಿಯ ಸೆಂಟ್ರಿಂಗ್ ಗಡಿಯವರೆಗೂ ಚಾಚಿತ್ತು.

ದೂರಿನ ತಿರುಳು ಹೀಗಿತ್ತು: ‘ಮೇಲ್ಕಂಡ ಸ್ವತ್ತಿನಲ್ಲಿ ನಮ್ಮ ಪೂರ್ವದ ಗಡಿಗೆ ಹೊಂದಿಕೊಂಡಂತೆ 30 ಸೆಂ.ಮೀ. ಮಾತ್ರ ಬಿಟ್ಟು ಗೋಡೆ ಕಟ್ಟಲಾಗಿದೆ. ಮೊದಲ ಮಹಡಿಯ ತಾರಸಿಗೆ ಗಡಿಯವರೆಗೆ ಸೆಂಟ್ರಿಂಗ್ ಹಾಕಿದ್ದು, ಕಾಂಕ್ರೀಟ್ ಇನ್ನೂ ಹಾಕಿಲ್ಲ. ಇದರಿಂದ ನಮ್ಮ ಅಡುಗೆಮನೆ ಮತ್ತು ಮಲಗುವ ಕೋಣೆಗೆ ಗಾಳಿ ಬೆಳಕು ತಡೆಯಾಗಿದೆ. ಸ್ಥಳ ತನಿಖೆ ನಡೆಸಿ, ಮಂಜೂರಾದ ನಕ್ಷೆಯೊಂದಿಗೆ ಹೋಲಿಸಿ, ಉಲ್ಲಂಘನೆ ಕಂಡುಬಂದಲ್ಲಿ ಕೆಲಸ ನಿಲ್ಲಿಸಿ, ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 321ನೇ ಪ್ರಕರಣದಡಿ ಕ್ರಮ ಕೈಗೊಂಡು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.’ ಮೇಲ್ಭಾಗದಲ್ಲಿ ವಾರ್ಡ್, ಸ್ವತ್ತಿನ ಸಂಖ್ಯೆ, ಚೆಕ್ಕುಬಂದಿ. ‘ಕಾಂಕ್ರೀಟ್ ಇನ್ನೂ ಹಾಕಿಲ್ಲ’ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೆ. ಕೆಲಸ ಯಾವ ಹಂತದಲ್ಲಿದ್ದಾಗ ಪಾಲಿಕೆಗೆ ತಿಳಿಯಿತು ಎಂಬುದಕ್ಕೆ ಮುಂದೆ ಅದೇ ದಾಖಲೆ. ಪಕ್ಕದವರ ಗುಣದೋಷ, ಹಳೆಯ ಜಗಳ, ಯಾರಿಗೋ ದುಡ್ಡು ಹೋಗಿರಬಹುದೆಂಬ ಗುಮಾನಿ, ಇವಕ್ಕೆ ಒಂದು ಅಕ್ಷರವನ್ನೂ ವ್ಯಯಿಸಲಿಲ್ಲ. ಅಂಥ ಸಾಲು ಒಂದಿದ್ದರೂ ಓದುವ ಅಧಿಕಾರಿ ಅಳತೆಯನ್ನು ಬಿಟ್ಟು ಅದನ್ನೇ ಹಿಡಿಯುತ್ತಾರೆ.

ಆಯುಕ್ತರಿಗೆ ದೂರು, ನಗರ ಯೋಜನಾ ವಿಭಾಗಕ್ಕೆ ಪ್ರತಿ. ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಮುದ್ರೆ, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡೆ. ಆ ಸಂಖ್ಯೆಯಿಲ್ಲದೆ ಯಾವ ಮೇಜಿನ ಬಳಿ ಹೋದರೂ ಕಡತ ಹುಡುಕಿಕೊಡುವವರಿಲ್ಲ.

ಸ್ಥಳಕ್ಕೆ ಬಂದ ಕಿರಿಯ ಎಂಜಿನಿಯರ್ ಮೊದಲಿಗೆ, ‘ಅವರು ಪರವಾನಗಿ ತೆಗೆದುಕೊಂಡಿದ್ದಾರಲ್ಲ ಸರ್’ ಎಂದರು. ‘ತೆಗೆದುಕೊಂಡಿದ್ದಾರೆ ಸರ್, ಅದರಂತೆ ಕಟ್ಟುತ್ತಿದ್ದಾರೆಯೇ ಎಂದು ಟೇಪು ಹಿಡಿದು ನೋಡಿ’ ಎಂದೆ. ಅವರು ಅಳೆದು ಬರೆದುಕೊಂಡ ಅಂಕಿ ನನ್ನದಕ್ಕೆ ತಾಳೆಯಾಯಿತು. ನಕ್ಷೆಯಲ್ಲಿದ್ದದ್ದು ಒಂದು ಮೀಟರ್. ನಮ್ಮ ಬೈಲಾ ಸಣ್ಣ ವ್ಯತ್ಯಾಸವನ್ನು ಶೇ. 5ರವರೆಗೆ ಮನ್ನಿಸುತ್ತದೆ, ಒಂದು ಮೀಟರಿಗೆ ಅದು ಐದು ಸೆಂಟಿಮೀಟರ್. ಇಲ್ಲಿ ನುಂಗಿದ್ದು ಎಪ್ಪತ್ತು.

ಬಳಿಕ 321(1)ರಡಿ ಕೆಡವುವ ತಾತ್ಕಾಲಿಕ ಆದೇಶ, 321(2)ರಡಿ ಕಾರಣ ಕೇಳುವ ನೋಟಿಸ್ ಹೊರಟವು. ಬಹುಮಂದಿ ಇಲ್ಲಿಗೇ ಗೆದ್ದೆವೆಂದು ಸುಮ್ಮನಾಗುತ್ತಾರೆ. ತಾತ್ಕಾಲಿಕ ಆದೇಶ ಹೊರಟಿತೆಂದರೆ ತೆರವು ಆಯಿತೆಂದಲ್ಲ. ಮಾಲೀಕರ ಉತ್ತರ ನೋಡಿದ ಮೇಲೆ 321(3)ರಡಿ ಅದನ್ನು ದೃಢೀಕರಿಸಬೇಕು. ಎಷ್ಟೋ ಕಡತಗಳು ಈ ಎರಡರ ನಡುವೆಯೇ ಮಲಗಿಬಿಡುತ್ತವೆ. ಕಚೇರಿಗೆ ರಜೆಯಿರುವ ದಿನಗಳಲ್ಲಿ ಕೆಲಸವೂ ಸದ್ದಿಲ್ಲದೆ ಸಾಗುತ್ತದೆ. ಒಂದು ಭಾನುವಾರ ಬೆಳಗ್ಗೆ ಕಾಂಕ್ರೀಟ್ ಮಿಕ್ಸರ್ ಬಂದು ನಿಂತಾಗ ಫೋಟೊ ತೆಗೆದು ಆಯುಕ್ತರ ಕಚೇರಿಗೆ ಇಮೇಲ್ ಕಳುಹಿಸಿದೆ, ಸೋಮವಾರ ಅದನ್ನೇ ಮುದ್ರಿಸಿ ಮೊದಲ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಟಪಾಲಿಗೆ ಕೊಟ್ಟೆ. ಮಾಹಿತಿ ಹಕ್ಕಿನಡಿ ಇನ್ನೊಂದು ಅರ್ಜಿ ಹಾಕಿ, ಕಡತದ ಟಿಪ್ಪಣಿ ಹಾಳೆಗಳನ್ನೂ ದೃಢೀಕರಣ ಆದೇಶದ ಪ್ರತಿಯನ್ನೂ ಕೇಳಿದೆ. ಆದೇಶ ಆಗಿಲ್ಲವೆಂದು ಬರೆದುಕೊಡುವುದು ಯಾರಿಗೂ ಇಷ್ಟವಿಲ್ಲ. ಕಡತ ಅಲುಗಾಡಿದ್ದು ಆಮೇಲೆ.

ಪಕ್ಕದವರು ತಡೆಯಾಜ್ಞೆ ತರುವ ಸಾಧ್ಯತೆ ಇದ್ದೇ ಇತ್ತು. ಅದಕ್ಕಾಗಿ ವಕೀಲರ ಮೂಲಕ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ, ನಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಕೇವಿಯಟ್ ಹಾಕಿಸಿದೆ. ಅದರ ಅವಧಿ 90 ದಿನ, ಮುಗಿದರೆ ಹೊಸದು ಹಾಕಬೇಕು. ವಿದ್ಯುತ್ ಸಂಪರ್ಕ ಕೊಡುವ ಕಚೇರಿಗೂ ಆದೇಶದ ಪ್ರತಿ ಮುಟ್ಟಿಸಿದೆ. ಕಟ್ಟಡ ಮುಗಿದ ಮೇಲೆ ವಾಸಕ್ಕೆ ಅನುಮತಿಸಿ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದೆ ಸಂಪರ್ಕ ಕೊಡಬಾರದೆಂದು ಅದೇ 2024ರ ತೀರ್ಪು ಹೇಳುತ್ತದೆ. ಕೆಡವುವ ನೋಟಿಸಿಗಿಂತ ಪಕ್ಕದವರಿಗೆ ಹೆಚ್ಚು ತಟ್ಟಿದ್ದು ಇದೇ ಎಂದು ನನ್ನ ಎಣಿಕೆ. ಮೀಟರ್ ಸಿಗದ ಮನೆಗೆ ಬಾಡಿಗೆದಾರರು ಬರುವುದಿಲ್ಲ.

ಕೊನೆಗೆ ಅವರೇ ಮೊದಲ ಮಹಡಿಯ ಚಾಚನ್ನು ಕತ್ತರಿಸಿ, ಮೇಲಿನ ಗೋಡೆಯನ್ನು ಗಡಿಯಿಂದ ಒಂದು ಮೀಟರ್ ಒಳಗೆ ತೆಗೆದುಕೊಂಡರು. ಮಲಗುವ ಕೋಣೆಗೆ ಮಧ್ಯಾಹ್ನದವರೆಗೆ ಬೆಳಕು ಬರುತ್ತಿದೆ. ನೆಲಮಹಡಿಯ ಗೋಡೆ ಇನ್ನೂ ಅಲ್ಲೇ ಇದೆ. ದೃಢೀಕರಣ ಆದೇಶದ ವಿರುದ್ಧ ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ಅದರಲ್ಲಿ ಮೊದಲು ಪಾಲಿಕೆಯನ್ನಷ್ಟೇ ಎದುರುದಾರರನ್ನಾಗಿ ಮಾಡಿದ್ದರು; ನನ್ನನ್ನೂ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದ್ದೇನೆ.